ಬಾಗಿಲಿಗೆ ಎಷ್ಟು ಮೇಜು?

ಕಳೆದ ವರುಷ ನಮ್ಮ ಊರಿನಲ್ಲಿ ಹಳೆಯ ವಿದ್ಯಾರ್ಥಿಗಳ ಕೂಟವೊಂದು ಸಂಜೆ 6 ಗಂಟೆಗೆ ಏರ್ಪಟ್ಟಿದ್ದಿತು. ಆಮಂತ್ರಣವು ಎಲ್ಲರ ಫೋನಿಗೂ ಕ್ಯೂಆರ್ ಕೋಡಾಗಿ ಬಂದಿದ್ದಿತು; ಬಾಗಿಲ ಬಳಿಯ ಮೇಜಿನಲ್ಲಿ ಅದನ್ನು ಸ್ಕ್ಯಾನ್ ಮಾಡಿಸಿ ಒಳಹೊಗಬೇಕು. ನಮಗೆ ವ್ಯಾಕರಣ ಹೇಳಿಕೊಟ್ಟ ಗುರುಗಳು, ಎಂಬತ್ತೈದು ದಾಟಿದವರು, ಸರಿಯಾಗಿ 6ಕ್ಕೆ ಬಂದು ಸಾಲಿನ ತುದಿಯಲ್ಲಿ ನಿಂತರು. ಕಾಲು ಗಂಟೆ ನಿಂತು, ಮೊಣಕಾಲ ನೋವು ತಡೆಯದೆ, ಆಟೋ ಹತ್ತಿ ಹಿಂದಿರುಗಿಬಿಟ್ಟರು. ಒಳಗೆ ಸುಖವಾಗಿ ಕುಳಿತಿದ್ದ ನಮಗೆ ಈ ಸಂಗತಿ ತಿಳಿದುದು ಮರುದಿನ. ಆದುದರಿಂದ ಈ ವರುಷ ಬಾಗಿಲಿನ ಲೆಕ್ಕವನ್ನು ನಾವೇ ವಹಿಸಿಕೊಂಡೆವು.

ಕೂಟದ ಕಾರ್ಯದರ್ಶಿ ನಮ್ಮಲ್ಲಿಯೇ ಓದಿದ ಹುಡುಗ. “ಲೆಕ್ಕ ತಪ್ಪಿರಲಿಲ್ಲ, ಮೇಷ್ಟ್ರೇ. ಒಂದು ಗಂಟೆಯಲ್ಲಿ 1200 ಜನ, ನಿಮಿಷಕ್ಕೆ 20. ಒಬ್ಬರಿಗೆ 12 ಸೆಕೆಂಡು, ಮೇಜಿಗೆ ನಿಮಿಷಕ್ಕೆ 5 ಜನ. ನಾಲ್ಕು ಮೇಜು ಹಾಕಿಸಿದ್ದೆ,” ಎಂದನು. ತ್ರೈರಾಶಿಕವು ನಿರ್ದುಷ್ಟವಾಗಿದ್ದಿತು, ಆದರೆ ಅದರೊಳಗೆ ಇಟ್ಟ ಎರಡು ರಾಶಿಗಳೂ ಸುಳ್ಳಾಗಿದ್ದುವು.

ಸ್ಕ್ಯಾನ್ ಮಾಡುವ ಯಂತ್ರವು ಪ್ರತಿಯೊಬ್ಬರ ವೇಳೆಯನ್ನೂ ಬರೆದಿಟ್ಟುಕೊಳ್ಳುತ್ತದೆ. ಆ ಪಟ್ಟಿಯನ್ನು ತರಿಸಿ ನೋಡಿದೆವು. 5ರಿಂದ 5-40ರವರೆಗೆ 600 ಜನ ಒಳಹೋಗಿದ್ದರು. ಅಲ್ಲಿಂದ ಮುಂದೆ ನಿಮಿಷಕ್ಕೆ 16ರಂತೆ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ, 6-17ರವರೆಗೆ ಒಂದೇ ಸಮ. ಜನರು ಇಷ್ಟು ಸಮವಾಗಿ ಎಲ್ಲಿಯೂ ಬರುವುದಿಲ್ಲ. ಇದು ಬಂದವರ ಲೆಕ್ಕವಲ್ಲ, ಮೇಜುಗಳ ಶಕ್ತಿಯ ಲೆಕ್ಕ. ಪಟ್ಟಿ ಹೀಗೆ ಸಪಾಟಾಗಿದ್ದಲ್ಲೆಲ್ಲ ಹಿಂದೆ ಸಾಲು ನಿಂತಿದೆಯೆಂದು ತಿಳಿಯತಕ್ಕದ್ದು. 6 ಗಂಟೆಗೆ ಒಳಹೋದವರು 920. ಉಳಿದ 280 ಜನ ಹೊರಗೆ ನಿಂತಿದ್ದರು. 6ರ ಅನಂತರ ಬಂದವರು ಬೆರಳೆಣಿಕೆಯಷ್ಟೇ ಎಂದು ಕಾವಲಿನವನು ಹೇಳಿದನು. ಹಾಗಾದರೆ ಕೊನೆಯ 20 ನಿಮಿಷಗಳಲ್ಲಿ 600 ಜನ, ಎಂದರೆ ನಿಮಿಷಕ್ಕೆ 30 ಜನ ಬಂದಂತಾಯಿತು. 280ನ್ನು 16ರಿಂದ ಭಾಗಿಸಿದರೆ ಹದಿನೇಳೂವರೆ ನಿಮಿಷ. ನಮ್ಮ ಗುರುಗಳು ಇನ್ನು ಎರಡೂವರೆ ನಿಮಿಷ ನಿಂತಿದ್ದರೆ ಬಾಗಿಲು ಸಿಕ್ಕುತ್ತಿದ್ದಿತೆಂಬುದು ಕಾಗದದ ಮೇಲೆ ಕಂಡಾಗ ನಾವು ಲೇಖನಿಯನ್ನು ಕೆಳಗಿಟ್ಟೆವು.

ಇನ್ನು ಎರಡನೆಯ ರಾಶಿ. 4 ಮೇಜುಗಳಿಂದ ನಿಮಿಷಕ್ಕೆ 16 ಎಂದರೆ ಒಬ್ಬರಿಗೆ 15 ಸೆಕೆಂಡು. ಹುಡುಗನ 12 ಎಲ್ಲಿಂದ ಬಂದಿತು? ಅವನು ತನ್ನ ಗೆಳೆಯರ ಫೋನುಗಳನ್ನೇ ಹಿಡಿದು ಪರೀಕ್ಷಿಸಿದ್ದನಂತೆ. ನಾವು ಗಡಿಯಾರ ಹಿಡಿದು ಒಂದು ಮದುವೆಯ ಬಾಗಿಲಲ್ಲಿ ನಿಂತು ಎಣಿಸಿದೆವು. ಯಂತ್ರ ಪೀಂಗುಟ್ಟುವ ಕಾಲವನ್ನಲ್ಲ, ಒಬ್ಬರು ಮೇಜಿಗೆ ಬಂದುದರಿಂದ ಮುಂದಿನವರು ಅದೇ ಮೇಜಿಗೆ ಬರುವವರೆಗಿನ ಕಾಲವನ್ನು ಅಳೆಯಬೇಕು. ಕನ್ನಡಕ ಹುಡುಕುವುದು, ಫೋನಿನ ಬೆಳಕು ಹೆಚ್ಚಿಸುವುದು, ಕುಶಲಪ್ರಶ್ನೆ, ಎಲ್ಲವೂ ಅದರೊಳಗೆ ಸೇರುತ್ತವೆ. ಮೂವತ್ತು ಜನರಲ್ಲಿ 29 ಜನರಿಗೆ ಸುಮಾರು 11 ಸೆಕೆಂಡು ಹಿಡಿಯಿತು. ಫೋನನ್ನು ಮನೆಯಲ್ಲಿ ಮರೆತು ಬಂದ ಒಬ್ಬರಿಗೆ ಎರಡು ನಿಮಿಷಕ್ಕೂ ಮೇಲೆ. ಸರಾಸರಿ ತೆಗೆದರೆ ಸರಿಯಾಗಿ 15!

ನಿಮಿಷಕ್ಕೆ 30 ಜನ, ಒಬ್ಬರಿಗೆ ಕಾಲು ನಿಮಿಷ, ಗುಣಿಸಿದರೆ ಏಳೂವರೆ. ಎಂಟು ಮೇಜು ಸಾಲದೇ ಎಂದು ವಾಚಕರು ಕೇಳಬಹುದು. ಜನರು ಎರಡೆರಡು ಸೆಕೆಂಡಿಗೊಬ್ಬರಂತೆ ಬಂದರೆ ಸಾಕು. ಆದರೆ ಒಂದು ಕ್ಷಣ ಐವರು ಬರುತ್ತಾರೆ, ಮತ್ತೊಂದು ಕ್ಷಣ ಯಾರೂ ಇಲ್ಲ. ಬರಿದಾಗಿ ಕಳೆದ ಆ ಕ್ಷಣವನ್ನು ಕೂಡಿಟ್ಟು ಮುಂದೆ ಬಳಸಲಾಗುವುದಿಲ್ಲ. ಈ ಅನಿಯಮವನ್ನು ಗಣಿತಕ್ಕೆ ತಂದವನು ಡೆನ್ಮಾರ್ಕಿನ ಎರ್ಲಾಂಗ್ ಎಂಬವನು. ಟೆಲಿಫೋನು ಕರೆಗಳನ್ನು ಕುರಿತು 1909ರಲ್ಲಿ ಬರೆದನು. ಅವನ ಸೂತ್ರದಂತೆ, ಎಲ್ಲ ಮೇಜುಗಳಿಗೂ ಒಂದೇ ಸಾಲಿದ್ದರೆ, 8 ಮೇಜಿಗೆ ಸರಾಸರಿ ಕಾಯುವ ಕಾಲ 24 ಸೆಕೆಂಡು, 9ಕ್ಕೆ 5, 10ಕ್ಕೆ ಎರಡೇ. ಎಂಟರಿಂದ ಒಂಬತ್ತಕ್ಕೆ ಹೋದಾಗಿನ ಲಾಭ ಹತ್ತನೆಯದರಿಂದ ಇಲ್ಲ. ಅಲ್ಲದೆ ಎಂಟನ್ನೇ ನೆಚ್ಚಿದ್ದು, ಸ್ಕ್ಯಾನಿಗೆ 15ರ ಬದಲು 17 ಸೆಕೆಂಡು ಹಿಡಿದರೆ, ಸಾಲು ಬೆಳೆಯುತ್ತಲೇ ಹೋಗುವುದು. ಒಂಬತ್ತು ಎಂದು ಬರೆದುಕೊಟ್ಟೆವು. ಮೇಜಿಗೊಂದು ಸಾಲು ಮಾಡಕೂಡದೆಂದೂ ಸೇರಿಸಿದೆವು; ಹಾಗೆ ಮಾಡಿದರೆ ಫೋನು ಮರೆತವರ ಹಿಂದೆ ನಿಂತವರ ಪಾಡು ನಾಯಿಪಾಡು.

ಈ ವರುಷ 5-45ಕ್ಕೆ ಒಂದು ಬಸ್ಸು ಒಮ್ಮೆಲೇ ಐವತ್ತು ಜನರನ್ನು ಇಳಿಸಿತು. ಇದು ಎರ್ಲಾಂಗನ ಲೆಕ್ಕಕ್ಕೂ ಸೇರದುದು. ಅವನ ಸೂತ್ರವು ಒಬ್ಬೊಬ್ಬರೇ ತಮ್ಮ ಪಾಡಿಗೆ ಬರುವವರಿಗೆ ಮಾತ್ರ. ಒಂಬತ್ತು ಮೇಜುಗಳು ನಿಮಿಷಕ್ಕೆ 36 ಜನರನ್ನು ಬಿಡಬಲ್ಲವು, 30 ಜನ ಬರುತ್ತಲೇ ಇದ್ದರು. ಮಿಕ್ಕುವುದು ನಿಮಿಷಕ್ಕೆ ಆರೇ. ಐವತ್ತು ಜನ ಕರಗಲು ಎಂಟು ನಿಮಿಷಕ್ಕೂ ಮೇಲೆ ಹಿಡಿಯಿತು. ಹುಡುಗನು ನಮ್ಮ ಮುಖವನ್ನೇ ನೋಡುತ್ತಿದ್ದನು.

ಗುರುಗಳು ಈ ಸಲವೂ ಸರಿಯಾಗಿ 6ಕ್ಕೆ ಬಂದರು. ಫೋನಿನಲ್ಲಿ ಆಮಂತ್ರಣ ಸಿಕ್ಕದೆ ಮೇಜಿನ ಮುಂದೆ ಎರಡು ನಿಮಿಷ ತಡಕಾಡಿದರು. ಉಳಿದ ಎಂಟು ಮೇಜುಗಳಿಂದ ಜನ ಒಳಹೋಗುತ್ತಲೇ ಇದ್ದರು.