ಬುಧವಾರ ಪಿಯರ್ ಅಂಗಡಿ ತೆಗೆಯುವುದಿಲ್ಲ

ಪುಣೆಗೆ ಬಂದ ಹೊಸದರಲ್ಲಿ ಒಂದು ಮಧ್ಯಾಹ್ನ ಎರಡು ಗಂಟೆಗೆ ಬಲ್ಬ್ ಕೊಳ್ಳಲು ಹೊರಟಿದ್ದೆ. ಶಟರ್ ಅರ್ಧ ಇಳಿದಿತ್ತು. ಒಳಗೆ ಮಾಲೀಕರು ಕುರ್ಚಿಯಲ್ಲೇ ಒರಗಿದ್ದರು, ಬಲ್ಬಿನ ಡಬ್ಬಿಗಳು ಅವರ ತಲೆಯ ಹಿಂದೆಯೇ ಕಾಣುತ್ತಿದ್ದವು. "ನಾಲ್ಕಕ್ಕೆ ಬನ್ನಿ" ಎಂದು ಕಣ್ಣು ತೆಗೆಯದೆ ಹೇಳಿದರು. ಒಂದರಿಂದ ನಾಲ್ಕರವರೆಗೆ ಅಂಗಡಿ ಬಂದ್ ಎಂಬುದು ಈ ಊರಿನ ಹಳೆಯ ತಮಾಷೆ, ಇಲ್ಲಿರುವವರಿಗೆಲ್ಲ ಗೊತ್ತು. ನನಗೆ ಅಂದು ಗೊತ್ತಿರಲಿಲ್ಲ. ಹದಿನೈದು ವರ್ಷದ ಮೇಲೆ ಇನ್ನೊಂದು ಅಂಗಡಿಯ ಮುಂದೆ ಅದೇ ರೀತಿ ನಿಂತೆ. ಈ ಸಲ ಅದು ಕಂಪ್ಯೂಟರಿನ ಪರದೆಯ ಮೇಲಿತ್ತು, ನಷ್ಟವಾದದ್ದು ಮಗಳಿಗೆ.

ಮಗಳಿಗೆ ಹನ್ನೊಂದು ವರ್ಷ. ರಜೆಗೆ ಹುಬ್ಬಳ್ಳಿಗೆ ಅಜ್ಜಿಯ ಮನೆಗೆ ಹೋಗುವಾಗ ತನ್ನ ಹೊಲವನ್ನು ನನ್ನ ಕೈಗೆ ಕೊಟ್ಟು ಹೋದಳು. ಹೊಲ ಇರುವುದು ಸ್ಟಾರ್ಡ್ಯೂ ವ್ಯಾಲಿ ಎಂಬ ಆಟದಲ್ಲಿ. ಎರಿಕ್ ಬರೋನ್ ಎಂಬ ಒಬ್ಬನೇ ವ್ಯಕ್ತಿ ವರ್ಷಗಟ್ಟಲೆ ಕೂತು ಮಾಡಿ 2016ರಲ್ಲಿ ಹೊರತಂದ ಹಳ್ಳಿಯ ಬದುಕಿನ ಆಟ ಅದು. ನಾವು ರೈತರ ಪಾತ್ರ ವಹಿಸುತ್ತೇವೆ, ಊರಿನ ಉಳಿದ ಜನರನ್ನು ಆಟವೇ ನಡೆಸುತ್ತದೆ. ಅಂಥವರಿಗೆ ಎನ್‌ಪಿಸಿ ಎನ್ನುತ್ತಾರೆ. ಮಗಳು ನೋಟ್‌ಬುಕ್ಕಿನ ಹಾಳೆಯಲ್ಲಿ ಸೂಚನೆ ಬರೆದಿಟ್ಟಿದ್ದಳು: ದಿನಾ ನೀರು ಹಾಕು, ಕೋಳಿಗೆ ಮೇವು, ಹೂಕೋಸಿನ ಬೀಜ 16ರೊಳಗೆ, ಜೋಜಾಕ್ಕೆ ಹೋಗಬಾರದು. ಕೊನೆಯದರ ಕೆಳಗೆ ಎರಡು ಗೆರೆ.

ಲೆಕ್ಕ ಹೀಗಿದೆ. ಅಲ್ಲಿ ಒಂದು ಋತುವಿಗೆ 28 ದಿನ. ಹೂಕೋಸು ಬೆಳೆಯಲು 12 ದಿನ ಬೇಕು, ವಸಂತ ಮುಗಿದ ಮರುದಿನ ಹೊಲದಲ್ಲಿ ಉಳಿದದ್ದು ಒಣಗಿಹೋಗುತ್ತದೆ. ಅಂದರೆ 16ರಂದು ಬಿತ್ತಿದರೆ 28ರ ಬೆಳಗ್ಗೆ ಕೊಯ್ಯಬಹುದು. ಅವಳಿಗೆ ಬೇಕಿದ್ದದ್ದು ಒಂದೇ ಒಂದು ಹೂಕೋಸು. ಊರಿನ ಪಾಳುಬಿದ್ದ ಸಮುದಾಯ ಭವನವನ್ನು ಎತ್ತಿ ನಿಲ್ಲಿಸಲು ಕೊಡಬೇಕಾದ ಕಾಣಿಕೆಗಳ ಪಟ್ಟಿಯಲ್ಲಿ ಅದೂ ಇತ್ತು. ಆ ಕೋಣೆಯ ಪಟ್ಟಿಗಳೆಲ್ಲ ತುಂಬಿದರೆ ಗಾಜಿನ ಮನೆ ಸಿಗುತ್ತದೆ, ಚಳಿಗಾಲದಲ್ಲೂ ಬೆಳೆ ತೆಗೆಯಬಹುದು. ಮೊದಲ ವರ್ಷವೇ ಅದನ್ನು ಪಡೆಯಬೇಕೆಂದು ಅವಳು ಹಟ ಹಿಡಿದಿದ್ದಳು.

16 ಮಂಗಳವಾರ. ನಾನು ಬೆಳಗ್ಗೆ ಗಣಿಗೆ ಇಳಿದೆ. ತಾಮ್ರ, ಕಲ್ಲಿದ್ದಲು ಎಂದು ಅಗೆಯುತ್ತ ಹೊತ್ತು ಹೋದದ್ದೇ ತಿಳಿಯಲಿಲ್ಲ. ಅಲ್ಲಿ ಹತ್ತು ನಿಮಿಷ ಎಂದರೆ ನಮ್ಮ ಏಳು ಸೆಕೆಂಡು. ಬೆಳಗ್ಗೆ ಆರರಿಂದ ರಾತ್ರಿ ಎರಡರವರೆಗಿನ ಇಡೀ ದಿನ ನಮ್ಮ ಹದಿನಾಲ್ಕು ನಿಮಿಷ ಚಿಲ್ಲರೆಯಲ್ಲಿ ಮುಗಿಯುತ್ತದೆ. ಓಡಿ ಬಂದು ಪಿಯರ್‌ನ ಅಂಗಡಿಯ ಬಾಗಿಲು ತಳ್ಳಿದಾಗ ಐದೂ ಹತ್ತು. ಬಾಗಿಲೇನೋ ತೆರೆಯಿತು. ಆದರೆ ಗಲ್ಲಾದ ಹಿಂದೆ ಯಾರೂ ಇಲ್ಲ. ಐದಕ್ಕೆ ಪಿಯರ್ ಅಲ್ಲಿಂದ ಎದ್ದು ಹೋಗುತ್ತಾನೆ. ಅವನು ಹೆಂಡತಿ ಮಗಳ ಜೊತೆ ಇರುವುದು ಅದೇ ಕಟ್ಟಡದಲ್ಲಿ, ಹಾಗಾಗಿ ರಾತ್ರಿಯವರೆಗೂ ಬಾಗಿಲು ಹಾಕಿರುವುದಿಲ್ಲ. ಒಳಗೆ ಹೋಗಿ ಅವನನ್ನು ಮಾತಾಡಿಸಬಹುದು, ಮಾತಾಡುತ್ತಾನೆ. ಬೀಜ ಮಾತ್ರ ಕೊಡುವುದಿಲ್ಲ.

ಹೊಳೆಯ ಆಚೆ ಜೋಜಾ ಮಾರ್ಟ್ ಇದೆ, ದೊಡ್ಡ ಕಂಪನಿಯ ಅಂಗಡಿ. ಅದು ವಾರದ ಏಳೂ ದಿನ ರಾತ್ರಿ ಹನ್ನೊಂದರವರೆಗೆ ತೆರೆದಿರುತ್ತದೆ. ಪಿಯರ್ ಹತ್ತಿರ 80 ನಾಣ್ಯದ ಹೂಕೋಸಿನ ಬೀಜ ಅಲ್ಲಿ 100. ನನ್ನ ಬಳಿ ಹಣವಿತ್ತು, ಹೊತ್ತಿತ್ತು. ಹಾಳೆಯ ಮೇಲಿನ ಎರಡು ಗೆರೆ ನೆನಪಾಯಿತು. ನಾಳೆ ಬೆಳಗ್ಗೆ ಒಂಬತ್ತಕ್ಕೇ ಪಿಯರ್ ಹತ್ತಿರ ಕೊಂಡರಾಯಿತು, ಒಂದು ದಿನದಲ್ಲಿ ಏನು ಹೋದೀತು ಎಂದುಕೊಂಡು ಮನೆಗೆ ಹೋಗಿ ಮಲಗಿದೆ. ಮರುದಿನ ಬಾಗಿಲೇ ತೆಗೆಯಲಿಲ್ಲ. ಬುಧವಾರ ಪಿಯರ್‌ಗೆ ವಾರದ ರಜೆ.

ಇದರಲ್ಲಿ ನಾನು ಮಾಡಿದ ದೊಡ್ಡ ತಪ್ಪು ಗಣಿಗೆ ಹೋದದ್ದಲ್ಲ, ಮಲಗಿದ್ದು. ಈ ಆಟ ಸೇವ್ ಆಗುವುದು ರಾತ್ರಿ ಮಲಗಿದಾಗ ಮಾತ್ರ. ಮಂಗಳವಾರ ಖಾಲಿ ಗಲ್ಲಾ ಕಂಡ ಕೂಡಲೇ ಆಟ ಮುಚ್ಚಿ ಮತ್ತೆ ತೆರೆದಿದ್ದರೆ ಅದೇ ಮಂಗಳವಾರದ ಬೆಳಗ್ಗೆಗೆ ಹಿಂದಿರುಗಬಹುದಿತ್ತು. ಬುಧವಾರ ಎದ್ದ ಮೇಲೆ ಮುಚ್ಚಿದರೆ ಸಿಗುವುದು ಬುಧವಾರದ ಬೆಳಗ್ಗೆಯೇ.

ಇಷ್ಟಾದ ಮೇಲೆ, ಸಿಟ್ಟಿಗೋ ಕುತೂಹಲಕ್ಕೋ, ಇದೆಲ್ಲ ಹೇಗೆ ನಡೆಯುತ್ತದೆ ಎಂದು ಬಗೆದು ನೋಡಿದೆ. ನಾನು ಹೊಟ್ಟೆಪಾಡಿಗೆ ಮಾಡುವುದೂ ಸಾಫ್ಟ್‌ವೇರ್ ಕೆಲಸವೇ. ಒಳಗೆ ಮಾಯಾಮಂತ್ರ ಏನಿಲ್ಲ. ಪ್ರತಿ ಪಾತ್ರಕ್ಕೂ ಒಂದು ವೇಳಾಪಟ್ಟಿಯ ಕಡತವಿದೆ. ಅದರ ಸಾಲುಗಳ ಧಾಟಿ ಹೀಗಿರುತ್ತದೆ (ಅಂಕಿಗಳು ನಾನು ಮಾದರಿಗೆ ಬರೆದವು):

```
900 SeedShop 4 17 2/1700 SeedShop 10 20 0
```

ಒಂಬತ್ತಕ್ಕೆ ಈ ಸ್ಥಳದ ಇಂಥ ಚೌಕದಲ್ಲಿ ಕೆಳಮುಖವಾಗಿ ನಿಲ್ಲು, ಐದಕ್ಕೆ ಇನ್ನೊಂದು ಚೌಕಕ್ಕೆ ಹೋಗಿ ಮೇಲ್ಮುಖವಾಗಿ ನಿಲ್ಲು ಎಂದರ್ಥ. ಮಳೆ ಬಂದ ದಿನಕ್ಕೆ ಬೇರೆ ಸಾಲು, ಹಬ್ಬದ ದಿನಕ್ಕೆ ಬೇರೆ, ಕೆಲವರಿಗೆ ವಾರಕ್ಕೊಂದು ಬೇರೆ. ನಾವು ಗಲ್ಲಾ ಮುಟ್ಟಿದಾಗ ಆಟ ಗಡಿಯಾರದ ಜೊತೆಗೆ ಅಂಗಡಿಯವರು ಅವರ ಜಾಗದಲ್ಲಿ ನಿಂತಿದ್ದಾರೆಯೇ ಎಂದೂ ನೋಡುತ್ತದೆ. ದನ ಕೋಳಿ ಮಾರುವ ಮಾರ್ನಿಯ ಬಗ್ಗೆ ಆಟಗಾರರಲ್ಲಿ ಒಂದು ಹಳೆಯ ಗೊಣಗಾಟವಿದೆ: ಕೆಲವು ಸಲ ಗಲ್ಲಾ ಬಿಟ್ಟು ಆಚೆ ನಿಂತಿರುತ್ತಾಳೆ, ನಾವು ಹಣ ಹಿಡಿದುಕೊಂಡು ನೋಡುತ್ತಿರಬೇಕು. ಮನೆ ಕಟ್ಟಿಕೊಡುವ ರಾಬಿನ್‌ಗೂ ಮಂಗಳವಾರ ರಜೆ, ಅಂದು ಪಿಯರ್ ಮನೆಯಲ್ಲಿ ಊರಿನ ಹೆಂಗಸರ ಜೊತೆ ವ್ಯಾಯಾಮ. ಅವರು ಓಡಾಡುವ ದಾರಿಗೆ ನಾವು ಪೆಟ್ಟಿಗೆ ಇಟ್ಟರೆ ಪಕ್ಕಕ್ಕೆ ಸರಿದು ಹೋಗುವುದಿಲ್ಲ, ಒಡೆದುಕೊಂಡು ಹೋಗುತ್ತಾರೆ. ವೇಳಾಪಟ್ಟಿಯ ಮುಂದೆ ನಮ್ಮ ಸಾಮಾನು ಲೆಕ್ಕಕ್ಕಿಲ್ಲ.

ಇಂಥ ಪಟ್ಟಿಗಳು ಹೊಸದಲ್ಲ. 1988ರ ಅಲ್ಟಿಮಾ 5ರಲ್ಲೇ ಊರಿನವರು ಬೆಳಗ್ಗೆ ಕೆಲಸಕ್ಕೆ ಹೋಗಿ ರಾತ್ರಿ ಮಲಗುತ್ತಿದ್ದರು. ಹಾಗಿದ್ದರೂ 2002ರ ಮಾರೋವಿಂಡ್‌ನಲ್ಲಿ ವ್ಯಾಪಾರಿಗಳು ಹಗಲೂ ರಾತ್ರಿ ಗಲ್ಲಾದ ಹಿಂದೆ ನಿಂತೇ ಇರುತ್ತಿದ್ದರು. ಕಾಲೇಜಿನಲ್ಲಿ ಅದನ್ನು ಆಡುವಾಗ ನನಗೆ ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ, ಅನುಕೂಲವೇ ಆಗಿತ್ತು. ರಾತ್ರಿ ಮೂರಕ್ಕೆ ಕದ್ದ ಮಾಲನ್ನು ಅದೇ ರಾತ್ರಿ ಮಾರಬಹುದಿತ್ತು.

ಅದೇ ಸರಣಿಯ ಸ್ಕೈರಿಮ್ 2011ರಲ್ಲಿ ಬಂತು. ಅದರಲ್ಲಿ ಅಂಗಡಿಗಳು ಸಾಮಾನ್ಯವಾಗಿ ಬೆಳಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ. ನಂತರ ಬಾಗಿಲಿಗೆ ಬೀಗ. ಆದರೆ ಅಲ್ಲಿ ಬೀಗ ಕಂಡು ನನಗೆ ಒಮ್ಮೆಯೂ ಸಂಕಟವಾದದ್ದಿಲ್ಲ. ಕಾರಣ ಒಂದು ಕೀಲಿ. ಕೀಬೋರ್ಡಿನಲ್ಲಿ T ಒತ್ತಿದರೆ ಎಷ್ಟು ಗಂಟೆ ಕಾಯಬೇಕೆಂದು ಆಟವೇ ಕೇಳುತ್ತದೆ, 24ರವರೆಗೆ. ಹತ್ತು ಸೆಕೆಂಡಿನಲ್ಲಿ ಬೆಳಗಾಗುತ್ತದೆ. ಬೆಳೆ ಒಣಗುವುದಿಲ್ಲ, ಋತು ಮುಗಿಯುವುದಿಲ್ಲ, ಪ್ರಪಂಚ ಉಳಿಸುವ ಕೆಲಸ ಕೂಡ ನಮಗಾಗಿ ಕಾದಿರುತ್ತದೆ. ವ್ಯಾಪಾರಿಯ ಹಣ ಖಾಲಿಯಾದರೆ 48 ಗಂಟೆ ಕಾದು ಮತ್ತೆ ಮಾರುವುದು ಅಲ್ಲಿ ಎಲ್ಲರೂ ಮಾಡುವ ಕೆಲಸ. ಕಾಲ ಪುಕ್ಕಟೆ ಸಿಗುವ ಕಡೆ ಮುಚ್ಚಿದ ಅಂಗಡಿ ಬರೀ ಅಲಂಕಾರ. ಒಂದು ಗುಂಪಿಗೆ ಮಾತ್ರ ಅಲ್ಲಿ ರಾತ್ರಿಗೆ ಬೆಲೆಯಿದೆ, ಕಳ್ಳರ ಪಾತ್ರ ಆಡುವವರಿಗೆ. ಮಾಲೀಕ ಮಹಡಿಯಲ್ಲಿ ನಿದ್ದೆ ಹೋದ ಮೇಲೆ ಬೀಗ ತೆಗೆದು ಒಳಗೆ ಹೋಗಬಹುದು. ಎಂಟಕ್ಕೆ ಅಂಗಡಿ ಮುಚ್ಚುವುದು ಅವರಿಗೆ ಕೆಲಸ ಶುರುವಾಗುವ ಹೊತ್ತು.

ಸ್ಟಾರ್ಡ್ಯೂನಲ್ಲಿ T ಇಲ್ಲ. ಹೊತ್ತು ಕಳೆಯಬೇಕೆಂದರೆ ಒಂದೋ ಅಲ್ಲೇ ನಿಂತಿರಬೇಕು, ಇಲ್ಲ ಮಲಗಬೇಕು, ಮಲಗಿದರೆ ಇಡೀ ದಿನ ಹೋಯಿತು. ವಸಂತಕ್ಕೆ ಇರುವುದೇ 28 ದಿನ, ಅದರಲ್ಲಿ ನಾಲ್ಕು ಬುಧವಾರ. ಆದ್ದರಿಂದಲೇ ಅಲ್ಲಿ ಒಂಬತ್ತರಿಂದ ಐದು ಎಂಬ ಬೋರ್ಡು ನಮ್ಮ ದಿನವನ್ನು ಆಳುತ್ತದೆ: ಗಣಿಗೆ ಮೊದಲೋ ಅಂಗಡಿಗೆ ಮೊದಲೋ ಎಂದು ಬೆಳಗ್ಗೆಯೇ ತೀರ್ಮಾನಿಸಬೇಕು. ಅಂಗಡಿ ಸದಾ ತೆರೆದಿದ್ದರೆ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ, ಪಿಯರ್‌ಗೂ ಗೋಡೆಗೆ ಹಾಕಿದ ಯಂತ್ರಕ್ಕೂ ವ್ಯತ್ಯಾಸ ಇರುತ್ತಿರಲಿಲ್ಲ.

ಇನ್ನೊಂದು ಸಂಗತಿ ನನಗೆ ತಡವಾಗಿ ಹೊಳೆಯಿತು. ಜೋಜಾದ ವೇಳೆಯನ್ನು ಬರೋನ್ ಸುಮ್ಮನೆ ಬರೆದಿಲ್ಲ. ಆ ಕಂಪನಿ ಕೆಟ್ಟದ್ದು ಎಂದು ಆಟದ ಕಥೆ ಹೇಳುತ್ತದೆ, ಆದರೆ ಕಥೆ ಹೇಳಿದ ಮಾತ್ರಕ್ಕೆ ಯಾರು ನಂಬುತ್ತಾರೆ? ಐದೂ ಹತ್ತಕ್ಕೆ, ಬೀಜವಿಲ್ಲದೆ, ಆಚೆ ದಡದಲ್ಲಿ ದೀಪ ಉರಿಯುತ್ತಿರುವಾಗ ಪ್ರಶ್ನೆ ನಮ್ಮದಾಗುತ್ತದೆ. ನಿಜ ಹೇಳಬೇಕೆಂದರೆ ಅಲ್ಲಿ ಒಂದು ಬೀಜ ಕೊಂಡರೆ ಪಿಯರ್‌ಗೆ ಏನೂ ಆಗುವುದಿಲ್ಲ, ಅವನ ಅಂಗಡಿ ಹಾಗೇ ನಡೆಯುತ್ತದೆ. ಈ ಊರಿನಲ್ಲಿ ರಾತ್ರಿ ಹನ್ನೊಂದಕ್ಕೂ ಮೊಬೈಲಿನಿಂದ ಬಲ್ಬ್ ತರಿಸುವವನು ನಾನು. ಜೋಜಾಕ್ಕೆ ಹೋಗದೆ ಇದ್ದದ್ದು ಹನ್ನೊಂದು ವರ್ಷದವಳ ಎರಡು ಗೆರೆಗೆ ಹೆದರಿ.

ಗುರುವಾರವೇ ಅವಳಿಗೆ ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ಶುಕ್ರವಾರ ಮತ್ತು ಭಾನುವಾರ ಕಾಡಿನ ಹತ್ತಿರ ಒಂದು ಬಂಡಿ ಅಂಗಡಿ ಬರುತ್ತದೆ, ಪ್ರತಿ ಸಲ ಬೇರೆ ಬೇರೆ ಸಾಮಾನು. ಅದರಲ್ಲಿ ಹೂಕೋಸು ಸಿಕ್ಕರೆ ವಿಷಯ ಮುಚ್ಚಿಹಾಕಬಹುದು ಎಂಬ ಆಸೆ. 19ರಂದು ಸಿಗಲಿಲ್ಲ. 21ರಂದೂ ಇಲ್ಲ. ಆಮೇಲೆ ಹೇಳಿದೆ.

"ಅಪ್ಪಾ, ಮಂಗಳವಾರ ರಾತ್ರಿ ಮಲ್ಕೊಂಡಬಿಟ್ಟಿ?" ಎಂದಳು. ಅವಳ ಮೊದಲ ಪ್ರಶ್ನೆ ಅದೇ.

"ಹೂಂ."

"ಗುರುವಾರ ಹೇಳಿದ್ರ ಲಗೂನ ಬೆಳಿಸೋ ಗೊಬ್ಬರ ಹಾಕಿ ನೋಡಬಹುದಿತ್ತು. ಈಗ ಏನೂ ಆಗಂಗಿಲ್ಲ."

ಜೋಜಾಕ್ಕೆ ಹೋಗಬೇಕಿತ್ತೇನೋ ಎಂದು ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಹಿಂದೆ ಅಜ್ಜಿಯ ಮಿಕ್ಸರ್ ಸದ್ದು.

"ಬ್ಯಾಡಾಗಿತ್ತು" ಎಂದಳು. ಆಮೇಲೆ, "ಆದ್ರ ನಾ ಇದ್ದಿದ್ರ ಐದರೊಳಗ ಹೋಗ್ತಿದ್ದೆ."

ಈಗ ಅವಳ ಹೊಲದಲ್ಲಿ ಚಳಿಗಾಲ. ಹೊರಗೆ ಹಿಮ, ಗಾಜಿನ ಮನೆ ಒಡೆದು ನಿಂತೇ ಇದೆ, ಬೇಸಿಗೆಯ ಪಟ್ಟಿ, ಶರತ್ಕಾಲದ ಪಟ್ಟಿ ಎಲ್ಲ ತುಂಬಿವೆ. ಹೂಕೋಸಿನ ಚಿತ್ರ ಒಂದು ಬೂದು ಬಣ್ಣದಲ್ಲಿ ಉಳಿದಿದೆ. ಮುಂದಿನ ವಸಂತದ ಮೊದಲ ದಿನ ಸೋಮವಾರ, ಪಿಯರ್ ಒಂಬತ್ತಕ್ಕೆ ತೆಗೆಯುತ್ತಾನೆ, ಅಂದು ನಾನು ಗಣಿಗೆ ಹೋಗಕೂಡದು ಎಂದು ಹೊಸ ಹಾಳೆಯಲ್ಲಿ ಬರೆದಿದ್ದಾಳೆ. ಭವನ ಪೂರ್ತಿ ಎದ್ದು ನಿಂತ ಮೇಲೆ ಪಿಯರ್ ಬುಧವಾರವೂ ಅಂಗಡಿ ತೆಗೆಯುತ್ತಾನಂತೆ. ಅದನ್ನೂ ಅವಳೇ ಹೇಳಿದಳು, ಸ್ವಲ್ಪ ಬೇಜಾರಿನಿಂದ.