ಪೂರ್ತಿ ಪೊಟ್ಟಣ, ಪೂರ್ತಿ ಲೀಟರು

ಮೂರು ವರ್ಷದ ಮೊಮ್ಮಗನಿಗೆ ಭೇದಿ ಶುರುವಾದಾಗ ನನ್ನಾಕೆ ಓಆರ್‌ಎಸ್ ಪೊಟ್ಟಣದಿಂದ ಒಂದು ಚಮಚ ಪುಡಿ ತೆಗೆದು ಲೋಟದ ನೀರಿಗೆ ಹಾಕಹೊರಟಳು. ನಾನು ತಡೆದೆ.

“ಒಂದು ಚಮಚಕ್ಕೂ ಲೆಕ್ಕವೇನ್ರೀ?” ಎಂದಳು.

ಲೆಕ್ಕವಿದೆ. ಪುಡಿ ಹೆಚ್ಚಾದರೆ ಮಗುವಿನ ಮೈಯಲ್ಲಿ ಉಪ್ಪು ಏರುತ್ತದೆ; ನೀರು ಹೆಚ್ಚಾದರೆ ಭೇದಿಯಲ್ಲಿ ಹೋದ ಉಪ್ಪು ಸಾಕಷ್ಟು ಮರಳುವುದಿಲ್ಲ. ನಮ್ಮ ಪೊಟ್ಟಣದ ಮೇಲೆ ಒಂದು ಲೀಟರ್ ಎಂದಿತ್ತು. 200 ಮಿಲಿಯ ಚಿಕ್ಕ ಪೊಟ್ಟಣವೂ ಬರುತ್ತದೆ, ಓದಿ ನೋಡಿ. ಕೈ ತೊಳೆದು, ಕುದಿಸಿ ಆರಿಸಿದ ನೀರನ್ನು ಲೀಟರ್ ಬಾಟಲಿಯಲ್ಲಿ ಅಳೆದು, ಪುಡಿಯನ್ನೆಲ್ಲ ಸುರಿದು ಕಲಕಿದೆವು. ಸಕ್ಕರೆ, ಹಣ್ಣಿನ ರಸ ಸೇರಿಸಲಿಲ್ಲ. 24 ಗಂಟೆಯಾದ ಮೇಲೆ ಉಳಿದದ್ದನ್ನು ಚೆಲ್ಲಿದೆವು.

ಭೇದಿಯಾದಾಗಲೆಲ್ಲ ಅವನಿಗೆ 100ರಿಂದ 200 ಮಿಲಿ, ಗುಟುಕು ಗುಟುಕಾಗಿ. ಎರಡು ವರ್ಷದೊಳಗಿನ ಮಗುವಿಗಾದರೆ ಅದರರ್ಧ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಚಮಚದಲ್ಲಿ ಕೊಡುತ್ತಿದ್ದೆವು. ಊಟ ನಿಲ್ಲಿಸಲಿಲ್ಲ.

ಡಾಕ್ಟರು ದಿನಕ್ಕೊಂದು 20 ಮಿಗ್ರಾಂ ಝಿಂಕ್ ಮಾತ್ರೆ ಬರೆದರು, 14 ದಿನ. ಆರು ತಿಂಗಳೊಳಗಿನ ಕೂಸಿಗೆ 10 ಮಿಗ್ರಾಂ ಅಂತೆ. ಮೂರನೇ ದಿನಕ್ಕೇ ಭೇದಿ ನಿಂತಿತು. ಆದರೂ ಚಮಚ ನೀರಿನಲ್ಲಿ ಕರಗಿಸಿ ಕೊಡುತ್ತಲೇ ಇದ್ದು, ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆ. ಪೂರ್ತಿ ಕೊಟ್ಟರೆ ಮುಂದಿನ ಎರಡು ಮೂರು ತಿಂಗಳು ಭೇದಿ ಮರಳುವುದು ಕಡಿಮೆ.

ಮಲದಲ್ಲಿ ರಕ್ತ, ಗುಳಿಬಿದ್ದ ಕಣ್ಣು, ನಿಲ್ಲದ ವಾಂತಿ, ಮೂತ್ರವಿಲ್ಲದಿರುವುದು, ಕುಡಿಯಲಾಗದ ಮಂಪರು, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ನಿಧಾನವಾಗಿ ಇಳಿಯುವುದು: ಇವುಗಳಲ್ಲಿ ಒಂದು ಕಂಡರೂ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೊರಡಬೇಕು, ಮಗು ಕುಡಿಯುವಂತಿದ್ದರೆ ದಾರಿಯಲ್ಲೂ ಓಆರ್‌ಎಸ್ ಕುಡಿಸುತ್ತಲೇ.