ನೂರಕ್ಕೆ ನೂರು ಬಂದರೂ ಲೆಕ್ಕ ತಪ್ಪಿತ್ತು

ವಿರೂಪಾಪುರಗಡ್ಡೆಯ ಸುತ್ತ ತುಂಗಭದ್ರೆ ಹರಿಯುತ್ತಾಳೆ, ಒಳಗೆಲ್ಲ ಭತ್ತದ ಗದ್ದೆ. ಅಲ್ಲಿನ ರೈತರೊಬ್ಬರು ಗೋಡೆಗೆ ಅಂಟಿಸಿದ್ದ ಒಂದು ಪೈ ಚಾರ್ಟಿನ ಫೋಟೊ ನಮಗೆ ಕಳಿಸಿದರು. ತುಂಗಭದ್ರಾ ಜಲಾಶಯದ 230 ಟಿಎಂಸಿ ನೀರು ಯಾರಿಗೆಷ್ಟು ಎಂಬ ಚಿತ್ರ ಅದು. ನಾಲ್ಕು ಬಣ್ಣವಿತ್ತು, ಅಂಕಿ ಇರಲಿಲ್ಲ. "ಶೇಕಡಾ ಎಷ್ಟೆಷ್ಟು ಬರುತ್ತೆ, ಬರೆದು ಕಳಿಸ್ರಿ" ಅಂದರು.

ಫೋಟೊ ಪ್ರಿಂಟ್ ಹಾಕಿಸಿ, ಕೋನಮಾಪಕವನ್ನು ನಡುಮಧ್ಯೆ ಇಟ್ಟು ಅಳೆದೆವು. ಇಡೀ ವೃತ್ತ 360 ಡಿಗ್ರಿ. ಹಾಗಾಗಿ ಪ್ರತಿ ತುಂಡಿನ ಡಿಗ್ರಿಯನ್ನು 3.6ರಿಂದ ಭಾಗಿಸಿದರೆ ಶೇಕಡಾ ಸಿಗುತ್ತದೆ.

ಕರ್ನಾಟಕ: 226 ಡಿಗ್ರಿ, ಶೇ 62.8
ಆಂಧ್ರ: 88 ಡಿಗ್ರಿ, ಶೇ 24.4
ತೆಲಂಗಾಣ: 11 ಡಿಗ್ರಿ, ಶೇ 3.1
ಆವಿಯಾಗುವ ನೀರು: 35 ಡಿಗ್ರಿ, ಶೇ 9.7

ಕೂಡಿಸಿದರೆ ಸರಿಯಾಗಿ 100. ಖುಷಿಯಿಂದ ಕಳಿಸುವವರಿದ್ದೆವು. ಆಗ ನಮ್ಮಲ್ಲೊಬ್ಬರು ಸ್ಕೇಲು ಇಟ್ಟು ನೋಡಿದರು. ವೃತ್ತದ ಅಗಲ 8 ಸೆಂಟಿಮೀಟರ್, ಎತ್ತರ ಬರೀ 6. ಗೋಡೆಯ ಮೇಲಿನ ಚಾರ್ಟನ್ನು ಕೆಳಗಿನಿಂದ ಓರೆಯಾಗಿ ತೆಗೆದಿದ್ದರಿಂದ ವೃತ್ತ ಮೊಟ್ಟೆಯಾಗಿತ್ತು. ಮೊಟ್ಟೆಯಾದರೂ ನಡುವಿನ ಕೋನಗಳ ಮೊತ್ತ 360 ಆಗಿಯೇ ಇರುತ್ತದೆ. ಒಂದು ತುಂಡು ಬಿಟ್ಟುಹೋದರೆ ಮೊತ್ತ ಅದನ್ನು ಹಿಡಿದುಕೊಡುತ್ತದೆ, ಓರೆ ಫೋಟೊವನ್ನು ಹಿಡಿದುಕೊಡುವುದಿಲ್ಲ.

ಫೋನನ್ನು ಚಾರ್ಟಿನ ಎದುರಿಗೇ, ಅದರ ಎತ್ತರಕ್ಕೇ ಹಿಡಿದು ಇನ್ನೊಮ್ಮೆ ತೆಗೆಯಿರಿ ಎಂದೆವು. ಈ ಸಲ ಅಗಲ, ಎತ್ತರ ಸಮ.

ಕರ್ನಾಟಕ: 218 ಡಿಗ್ರಿ, ಶೇ 60.6
ಆಂಧ್ರ: 104 ಡಿಗ್ರಿ, ಶೇ 28.9
ತೆಲಂಗಾಣ: 10 ಡಿಗ್ರಿ, ಶೇ 2.8
ಆವಿಯಾಗುವ ನೀರು: 28 ಡಿಗ್ರಿ, ಶೇ 7.8

ಮೊತ್ತ 100.1. ಡಿಗ್ರಿಗಳ ಮೊತ್ತ 360 ಸರಿಯಿದೆ, ಆ 0.1 ಬಂದದ್ದು ದಶಾಂಶವನ್ನು ದುಂಡಾಗಿಸಿದ್ದರಿಂದ. ಸರಿಯಾದ ಪಟ್ಟಿ ಇದೇ. ಮೊದಲ ಪಟ್ಟಿ ಹೋಗಿದ್ದರೆ ಆಂಧ್ರದ ಪಾಲಿನಲ್ಲಿ 10 ಟಿಎಂಸಿಯಷ್ಟು ನೀರು ಮಾಯವಾಗುತ್ತಿತ್ತು.

ಆಮೇಲೆ 1976ರ ಬಚಾವತ್ ನ್ಯಾಯಮಂಡಳಿ ತೀರ್ಪಿನ ಅಂಕಿಗಳಿಗೆ ತಾಳೆ ಹಾಕಿದೆವು. ಕರ್ನಾಟಕಕ್ಕೆ 138.99 ಟಿಎಂಸಿ, ಅಂದರೆ 230ರಲ್ಲಿ ಶೇ 60.4. ನಮ್ಮ ಅಳತೆಗೆ ಹತ್ತಿರವೇ ಇದೆ. ಒಂದು ಡಿಗ್ರಿ ಹೆಚ್ಚುಕಡಿಮೆಯಾದರೆ 0.6 ಟಿಎಂಸಿ ವ್ಯತ್ಯಾಸ ಬರುತ್ತದೆ, ಕೋನಮಾಪಕದಲ್ಲಿ ಅದಕ್ಕಿಂತ ಸೂಕ್ಷ್ಮ ಅಳತೆ ಸಿಗದು.

ಪಟ್ಟಿ ನೋಡಿದ ರೈತರು ಕೇಳಿದರು: "ನಮ್ಮ ಪಾಲು ಶೇ 65.56 ಅಂತ ಎಲ್ಲರೂ ಅಂತಾರಲ್ರಿ?" ಅದೂ ಸುಳ್ಳಲ್ಲ. ಆವಿಯಾಗುವ 18 ಟಿಎಂಸಿ ಕಳೆದು, ಉಳಿದ 212ರಲ್ಲಿ ಲೆಕ್ಕ ಹಾಕಿದರೆ 138.99 ಟಿಎಂಸಿ ಶೇ 65.56 ಆಗುತ್ತದೆ. ಆದರೆ ಆ ಅಂಕಿಯನ್ನು ತಂದು ಈ ಪಟ್ಟಿಯಲ್ಲಿ ಕೂರಿಸಿದರೆ ಮೊತ್ತ 105 ದಾಟುತ್ತದೆ.

ಅದಕ್ಕೇ ಈಗ ನಮ್ಮ ಪಟ್ಟಿಯ ತಲೆಯ ಮೇಲೆ ಮೊದಲ ಸಾಲು ಹೀಗಿರುತ್ತದೆ: ಒಟ್ಟು 230 ಟಿಎಂಸಿಯಲ್ಲಿ, ಆವಿಯೂ ಸೇರಿ.